ಬೆರಳಚ್ಚು ಬ್ಯಾಂಕಿಗೆ ಹೋಗುವುದಿಲ್ಲ: ಮೊಬೈಲ್‌ನೊಳಗಿನ ಭದ್ರತಾ ಚಿಪ್ ಪಾವತಿಗೆ ಸಹಿ ಹಾಕುವ ಬಗೆ

ಮೊಬೈಲ್‌ಗೆ ಇನ್ನೊಂದು ಬೆರಳಿನ ಗುರುತು ಸೇರಿಸಿ ನೋಡಿ. ನಿನ್ನೆಯವರೆಗೆ ಬೆರಳಿಟ್ಟೊಡನೆ ತೆರೆದುಕೊಳ್ಳುತ್ತಿದ್ದ ಬ್ಯಾಂಕ್ ಆ್ಯಪ್ ಇದ್ದಕ್ಕಿದ್ದಂತೆ ಪಿನ್ ಕೇಳಬಹುದು, ಬೆರಳಚ್ಚಿನ ಸೌಲಭ್ಯವನ್ನು ಹೊಸದಾಗಿ ಆನ್ ಮಾಡಿ ಎನ್ನಬಹುದು. ಫೋನು ಅದೇ, ಹಳೆಯ ಬೆರಳೂ ಅದೇ. ಆ್ಯಪ್ ಕೆಟ್ಟಿದೆ ಎಂದುಕೊಂಡು ಅಳಿಸಿ ಮತ್ತೆ ಹಾಕಿಕೊಳ್ಳುವವರು ಬಹಳ. ಆದರೆ ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಫೋನಿನೊಳಗಿನ ಒಂದು ಸಣ್ಣ ಭಾಗ ತನ್ನ ಬಳಿ ಇದ್ದ ಗುಟ್ಟನ್ನು ಬೇಕೆಂದೇ ನಾಶ ಮಾಡಿರುತ್ತದೆ.

ಈ ಭಾಗದ ಬಗ್ಗೆ ತಿಳಿದುಕೊಳ್ಳಲು ಈಗ ಕಾರಣವಿದೆ. 2025ರ ಅಕ್ಟೋಬರ್‌ನಲ್ಲಿ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ, ಯುಪಿಐ ಪಾವತಿಗೆ ಪಿನ್ ಬದಲು ಫೋನಿನ ಬೆರಳಚ್ಚು ಅಥವಾ ಮುಖದ ಗುರುತನ್ನು ಬಳಸುವ ವ್ಯವಸ್ಥೆ ತಂದಿತು. ಆರಂಭದಲ್ಲಿ ಒಂದು ಪಾವತಿಗೆ 5,000 ರೂಪಾಯಿಯ ಮಿತಿ. ಅದಕ್ಕೂ ಸ್ವಲ್ಪ ಮೊದಲು, ಸೆಪ್ಟೆಂಬರ್‌ನಲ್ಲಿ, ಆರ್‌ಬಿಐ ಡಿಜಿಟಲ್ ಪಾವತಿಗಳ ದೃಢೀಕರಣಕ್ಕೆ ಹೊಸ ನಿಯಮಾವಳಿ ಹೊರಡಿಸಿತ್ತು. 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತುಪಡಿಸಿದ ಈ ನಿಯಮಗಳು ಕನಿಷ್ಠ ಎರಡು ಬಗೆಯ ದೃಢೀಕರಣ ಇರಲೇಬೇಕೆನ್ನುತ್ತವೆ, ಆದರೆ ಎಸ್‌ಎಂಎಸ್ ಒಟಿಪಿಯೇ ಆಗಬೇಕೆಂದು ಹಟ ಹಿಡಿಯುವುದಿಲ್ಲ. ಒಟಿಪಿ ಹೊರುತ್ತಿದ್ದ ಭಾರ ಹೀಗೆ ಮೆಲ್ಲಗೆ ಫೋನಿನೊಳಗಿನ ಚಿಪ್‌ನ ಹೆಗಲಿಗೆ ಬೀಳುತ್ತಿದೆ.

## ಎಲ್ಲದರ ಬುಡದಲ್ಲಿ ಒಂದು ಸಂಖ್ಯೆ

ಬೆರಳಚ್ಚಿನಿಂದ ಹಣ ಕಳಿಸುವಾಗ ಬೆರಳಿನ ಚಿತ್ರ ಬ್ಯಾಂಕಿಗೆ ಹೋಗುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಹೋಗುವುದಿಲ್ಲ. ಹೋಗುವುದು ಒಂದು ಡಿಜಿಟಲ್ ಸಹಿ.

ಈ ಸಹಿಗೆ ಒಂದು ಜೋಡಿ ಕೀ ಬೇಕು. ಮೊದಲನೆಯದು ಖಾಸಗಿ ಕೀ. ಅದೊಂದು ದೊಡ್ಡ ಸಂಖ್ಯೆ, ಸಾಮಾನ್ಯವಾಗಿ 256 ಬಿಟ್‌ನದು, ಅಂದರೆ ಬರೀ 32 ಬೈಟ್. ಎರಡನೆಯದು ಸಾರ್ವಜನಿಕ ಕೀ. ಅದು ಖಾಸಗಿ ಕೀಯಿಂದಲೇ ಲೆಕ್ಕ ಹಾಕಿ ಪಡೆದದ್ದು, ಆದರೆ ಅದನ್ನು ಹಿಡಿದುಕೊಂಡು ಹಿಮ್ಮುಖವಾಗಿ ಖಾಸಗಿ ಕೀಯನ್ನು ಕಂಡುಹಿಡಿಯಲು ಇಂದಿನ ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲ. ಖಾಸಗಿ ಕೀ ಇರುವವರು ಮಾತ್ರ ಸಹಿ ಹಾಕಬಲ್ಲರು. ಆ ಸಹಿ ಸರಿಯೇ ಎಂದು ಸಾರ್ವಜನಿಕ ಕೀ ಇರುವ ಯಾರು ಬೇಕಾದರೂ ಪರೀಕ್ಷಿಸಬಹುದು. ಸಹಿ ಆದ ಮೇಲೆ ಮೊತ್ತದಲ್ಲಿ ಒಂದು ಸೊನ್ನೆ ಬದಲಾದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಹಾಗಾಗಿ ಬ್ಯಾಂಕ್ ನಿಮ್ಮ ಸಾರ್ವಜನಿಕ ಕೀ ಇಟ್ಟುಕೊಂಡಿದ್ದರೆ ಸಾಕು. ಉಳಿಯುವ ಪ್ರಶ್ನೆ ಒಂದೇ: ಆ 32 ಬೈಟ್‌ಗಳನ್ನು ಫೋನಿನಲ್ಲಿ ಎಲ್ಲಿಡುವುದು?

ಆ್ಯಪ್ ತನ್ನ ಫೈಲಿನಲ್ಲಿ ಇಟ್ಟುಕೊಳ್ಳಬಹುದು. ಮಾಮೂಲಿ ದಿನಗಳಲ್ಲಿ ಒಂದು ಆ್ಯಪ್‌ನ ಫೈಲನ್ನು ಇನ್ನೊಂದು ಆ್ಯಪ್ ಓದದಂತೆ ಆಂಡ್ರಾಯ್ಡ್ ತಡೆಯುತ್ತದೆ. ಆದರೆ ಫೋನನ್ನು ರೂಟ್ ಮಾಡಿದ್ದರೆ, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ಮೇಲಿನ ಪೂರ್ಣ ಅಧಿಕಾರ ಯಾವುದೋ ಆ್ಯಪ್‌ನ ಕೈಗೆ ಬಂದಿದ್ದರೆ, ಅಥವಾ ವ್ಯವಸ್ಥೆಯಲ್ಲಿನ ದೋಷವೊಂದನ್ನು ಬಳಸಿ ಕುತಂತ್ರಾಂಶ ಆ ಅಧಿಕಾರ ಕಸಿದುಕೊಂಡರೆ, ಈ ಗೋಡೆಗಳು ಉಳಿಯುವುದಿಲ್ಲ. ಫೈಲಿಗೆ ಪಾಸ್‌ವರ್ಡ್ ಹಾಕಿದರೂ ಸಹಿ ಮಾಡುವ ಹೊತ್ತಿಗೆ ಕೀ ಮೆಮೊರಿಗೆ ಬರಲೇಬೇಕು, ಅಲ್ಲಿಂದ ಓದಬಹುದು. ಸಂಖ್ಯೆಯ ಕಳ್ಳತನದಲ್ಲಿ ಇನ್ನೂ ಒಂದು ತೊಡಕಿದೆ. ನಕಲಾದ ಮೇಲೂ ಮೂಲ ಇದ್ದಲ್ಲೇ ಇರುತ್ತದೆ, ಕಳೆದುಕೊಂಡವರಿಗೆ ಕಳುವಾದದ್ದೇ ತಿಳಿಯುವುದಿಲ್ಲ.

ಎಟಿಎಂ ಕಾರ್ಡುಗಳಲ್ಲಿ ನಾವು ಇದನ್ನು ಆಗಲೇ ಕಂಡಿದ್ದೇವೆ. ಕಾರ್ಡಿನ ಬೆನ್ನ ಮೇಲಿನ ಕಪ್ಪು ಕಾಂತೀಯ ಪಟ್ಟಿಯಲ್ಲಿದ್ದ ಮಾಹಿತಿಯನ್ನು ಕಳ್ಳ ಯಂತ್ರವೊಂದು ಓದಿಕೊಂಡರೆ ಅಂಥದ್ದೇ ಇನ್ನೊಂದು ಕಾರ್ಡು ತಯಾರಾಗುತ್ತಿತ್ತು. 2018ರ ಕೊನೆಯೊಳಗೆ ಎಲ್ಲ ಕಾರ್ಡುಗಳಿಗೂ ಚಿಪ್ ಬರಲಿ ಎಂದು ಆರ್‌ಬಿಐ ಗಡುವು ಹಾಕಿದ್ದು ಇದಕ್ಕಾಗಿಯೇ. ಚಿನ್ನದ ಬಣ್ಣದ ಆ ಚೌಕದ ಕೆಳಗಿನ ಚಿಪ್ ತನ್ನ ಕೀಯನ್ನು ಯಂತ್ರಕ್ಕೆ ಕೊಡುವುದಿಲ್ಲ. ಪ್ರತಿ ವ್ಯವಹಾರಕ್ಕೂ ಹೊಸದೊಂದು ಸಂಕೇತವನ್ನು ಒಳಗೇ ಲೆಕ್ಕ ಹಾಕಿ ಅದನ್ನಷ್ಟೇ ಹೊರಗೆ ಕಳಿಸುತ್ತದೆ.

## ಫೋನಿನೊಳಗಿನ ಬೀಗ ಹಾಕಿದ ಕೋಣೆ

ಫೋನಿಗೂ ಇದೇ ತತ್ವ ಬಂದಿತು. ಕಚೇರಿಯ ಮೊಹರನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು, ಗೋಡೆಯಲ್ಲಿ ಒಂದು ಕಿಂಡಿ ಮಾತ್ರ ಬಿಟ್ಟಿದ್ದಾರೆ ಎಂದುಕೊಳ್ಳಿ. ಕಾಗದವನ್ನು ಕಿಂಡಿಯಿಂದ ಒಳಗೆ ಕೊಟ್ಟರೆ ಮೊಹರು ಬಿದ್ದು ಹೊರಗೆ ಬರುತ್ತದೆ. ಮೊಹರು ಮಾತ್ರ ಕಚೇರಿಯ ಮುಖ್ಯಸ್ಥರಿಗೂ ಕೈಗೆ ಸಿಗುವುದಿಲ್ಲ. ಇಲ್ಲಿ ಮುಖ್ಯಸ್ಥ ಎಂದರೆ ಆಂಡ್ರಾಯ್ಡ್.

ಆ ಕೋಣೆಯನ್ನು ಕಟ್ಟುವ ಎರಡು ವಿಧಾನ ಬಳಕೆಯಲ್ಲಿವೆ. ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಕಾಣುವುದು ಆರ್ಮ್ ಕಂಪನಿಯ ಟ್ರಸ್ಟ್‌ಜೋನ್. ಇದರಲ್ಲಿ ಪ್ರೊಸೆಸರ್ ಒಂದೇ, ಆದರೆ ಅದು ಎರಡು ಸ್ಥಿತಿಗಳಲ್ಲಿ ಕೆಲಸ ಮಾಡುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಆಂಡ್ರಾಯ್ಡ್ ಓಡುತ್ತದೆ, ಸುರಕ್ಷಿತ ಸ್ಥಿತಿಯಲ್ಲಿ ಬೇರೆಯೇ ಒಂದು ಪುಟ್ಟ ಕಾರ್ಯಾಚರಣೆ ವ್ಯವಸ್ಥೆ. ಸುರಕ್ಷಿತ ಭಾಗದ ಮೆಮೊರಿಯನ್ನು ಸಾಮಾನ್ಯ ಭಾಗ ಓದದಂತೆ ಹಾರ್ಡ್‌ವೇರೇ ತಡೆಯುತ್ತದೆ. ಎರಡನೆಯ ವಿಧಾನದಲ್ಲಿ ಸ್ವಂತ ಪ್ರೊಸೆಸರ್ ಮತ್ತು ಮೆಮೊರಿ ಇರುವ ಪ್ರತ್ಯೇಕ ಚಿಪ್ ಇರುತ್ತದೆ. ಇದನ್ನು ಬಳಸುವ ಸೌಲಭ್ಯ 2018ರಲ್ಲಿ ಆಂಡ್ರಾಯ್ಡ್ 9ರೊಂದಿಗೆ ಸ್ಟ್ರಾಂಗ್‌ಬಾಕ್ಸ್ ಎಂಬ ಹೆಸರಲ್ಲಿ ಬಂತು. ಅದೇ ವರ್ಷ ಗೂಗಲ್ ತನ್ನ ಪಿಕ್ಸೆಲ್ 3 ಫೋನಿನಲ್ಲಿ ಟೈಟನ್ ಎಂ ಚಿಪ್ ಇಟ್ಟಿತು. ಆ್ಯಪಲ್ 2013ರಲ್ಲೇ ಐಫೋನ್ 5ಎಸ್‌ನಲ್ಲಿ ಸೆಕ್ಯೂರ್ ಎನ್‌ಕ್ಲೇವ್ ತಂದಿತ್ತು. ಅದು ಮುಖ್ಯ ಚಿಪ್‌ನ ಒಡಲಲ್ಲೇ ಇದ್ದರೂ ಅದರ ಪ್ರೊಸೆಸರ್ ಬೇರೆಯದೇ.

ಪ್ರತ್ಯೇಕ ಚಿಪ್ ಹೆಚ್ಚು ಗಟ್ಟಿ. ವೋಲ್ಟೇಜ್ ಏರುಪೇರು ಮಾಡಿ, ವಿದ್ಯುತ್ ಬಳಕೆಯನ್ನು ಅಳೆದು ಗುಟ್ಟು ಹೊರಡಿಸುವ ಪ್ರಯೋಗಾಲಯದ ದಾಳಿಗಳನ್ನೂ ಎದುರಿಸುವಂತೆ ಅದನ್ನು ರೂಪಿಸಿರುತ್ತಾರೆ. ಆದರೆ ಅದು ನಿಧಾನ, ಮೇಲಾಗಿ ಫೋನಿನ ಬೆಲೆ ಏರಿಸುತ್ತದೆ. ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಟ್ರಸ್ಟ್‌ಜೋನ್ ಅಷ್ಟೇ ಇರುತ್ತದೆ. ದೂರದಿಂದ ಬರುವ ಕುತಂತ್ರಾಂಶದ ಎದುರು ಅದೂ ದೊಡ್ಡ ತಡೆಯೇ.

ಇನ್ನೊಂದು ಸ್ವಾರಸ್ಯವಿದೆ. ಟ್ರಸ್ಟ್‌ಜೋನ್ ಬಳಸುವ ಫೋನಿನಲ್ಲಿ ಕೀಗಳನ್ನು ಆ ಕೋಣೆಯೊಳಗೇ ರಾಶಿ ಹಾಕಿಕೊಂಡಿರುವುದಿಲ್ಲ, ಅಲ್ಲಿ ಅಷ್ಟು ಜಾಗವಿಲ್ಲ. ಕಾರ್ಖಾನೆಯಲ್ಲೇ ಚಿಪ್‌ನೊಳಗೆ ಅಳಿಸಲಾಗದಂತೆ ಒಂದು ಮೂಲ ಗುಟ್ಟನ್ನು ಬರೆದಿರುತ್ತಾರೆ, ಫೋನಿಂದ ಫೋನಿಗೆ ಅದು ಬೇರೆ. ಆ್ಯಪ್‌ನ ಕೀಯನ್ನು ಇದರಿಂದ ಹುಟ್ಟಿಸಿದ ಇನ್ನೊಂದು ಕೀಯಿಂದ ಗೂಢಲಿಪೀಕರಿಸಿ, ಆ ಗಂಟನ್ನು ಮಾಮೂಲಿ ಸಂಗ್ರಹದಲ್ಲೇ ಇಡುತ್ತಾರೆ. ಬೇಕಾದಾಗ ಒಳಗೆ ತರಿಸಿಕೊಂಡು ಬಿಚ್ಚುತ್ತಾರೆ. ಯಾರಾದರೂ ಗಂಟನ್ನು ಕದ್ದೊಯ್ದು ಬೇರೆ ಫೋನಿಗೆ ಹಾಕಿದರೆ ಅಲ್ಲಿನ ಮೂಲ ಗುಟ್ಟು ಬೇರೆಯಾದ್ದರಿಂದ ಅದು ಬಿಚ್ಚಿಕೊಳ್ಳುವುದಿಲ್ಲ.

## ದಿನಸಿ ಅಂಗಡಿಯ 850 ರೂಪಾಯಿ

ಈಗ ಒಂದು ಪಾವತಿಯ ಹಿಂದೆಯೇ ಹೋಗೋಣ. ಆಂಡ್ರಾಯ್ಡ್‌ನಲ್ಲಿ ಈ ಸೌಲಭ್ಯವನ್ನು ಸರಿಯಾಗಿ ಬಳಸಿಕೊಂಡ ಆ್ಯಪ್ ಹೀಗೆ ನಡೆದುಕೊಳ್ಳುತ್ತದೆ.

ಮೊದಲ ದಿನ ನೀವು ಪಿನ್ ಕೊಟ್ಟು ಬೆರಳಚ್ಚಿನ ಸೌಲಭ್ಯಕ್ಕೆ ಒಪ್ಪಿಗೆ ಕೊಡುತ್ತೀರಿ. ಆಗ ಆ್ಯಪ್ ಭದ್ರ ಭಾಗಕ್ಕೆ ಒಂದು ಜೋಡಿ ಕೀ ತಯಾರಿಸಲು ಹೇಳುತ್ತದೆ. ಜೊತೆಗೆ ಷರತ್ತನ್ನೂ ಹಾಕುತ್ತದೆ: ಈ ಕೀ ಸಹಿಗೆ ಮಾತ್ರ, ಪ್ರತಿ ಸಹಿಗೂ ಹೊಸದಾಗಿ ಬೆರಳಚ್ಚು ಬೇಕು. ಈ ಷರತ್ತು ಕೀಯ ಜೊತೆಯಲ್ಲೇ ಅಂಟಿಕೊಂಡಿರುತ್ತದೆ, ಆಮೇಲೆ ಆ್ಯಪ್‌ಗೂ ಬದಲಿಸಲಾಗದು. ಸಾರ್ವಜನಿಕ ಕೀ ಬ್ಯಾಂಕಿನ ಕಡೆಗೆ ಹೋಗಿ ನೋಂದಣಿಯಾಗುತ್ತದೆ.

ಮುಂದೊಂದು ದಿನ ದಿನಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ 850 ಎಂದು ಒತ್ತುತ್ತೀರಿ. ಮೊತ್ತ, ಯಾರಿಗೆ ಎಂಬ ವಿವರ, ಮತ್ತು ಹಳೆಯ ಸಹಿಯನ್ನೇ ಮತ್ತೆ ಕಳಿಸಿ ಮೋಸ ಮಾಡದಂತೆ ಈ ವ್ಯವಹಾರಕ್ಕಷ್ಟೇ ಸೇರಿದ ಒಂದು ಸಂಖ್ಯೆ, ಇಷ್ಟನ್ನು ಆ್ಯಪ್ ಸಹಿಗೆಂದು ಒಳಗೆ ಕೊಡುತ್ತದೆ. ಒಳಗಿನ ಭಾಗ ತಕ್ಷಣ ಸಹಿ ಹಾಕುವುದಿಲ್ಲ, ಬೆರಳಿನ ಸಾಕ್ಷ್ಯ ತಾ ಎನ್ನುತ್ತದೆ. ಪರದೆಯ ಮೇಲೆ ಬೆರಳಿಡಿ ಎಂಬ ಸೂಚನೆ ಬರುವುದು ಆಗ.

ಸೆನ್ಸರ್ ಓದಿದ್ದು ಆಂಡ್ರಾಯ್ಡ್‌ನ ಕೈಗೆ ಬರದೆ ಭದ್ರ ಭಾಗಕ್ಕೇ ಹೋಗುತ್ತದೆ. ಹೋಲಿಕೆ ನಡೆಯುವುದೂ ಅಲ್ಲಿಯೇ. ಹೊಂದಿದರೆ ಬೆರಳಚ್ಚು ನೋಡುವ ತಂತ್ರಾಂಶ ಒಂದು ಟೋಕನ್ ಬರೆದುಕೊಡುತ್ತದೆ. ಯಾವ ಕೆಲಸಕ್ಕಾಗಿ, ಯಾವಾಗ, ಯಾವ ನೋಂದಾಯಿತ ಬೆರಳುಗಳ ಗುಂಪಿಗೆ ಸೇರಿದ್ದು ಎಂಬುದು ಅದರಲ್ಲಿರುತ್ತದೆ. ಫೋನ್ ಆನ್ ಆದಾಗ ಒಳಗಿನವರಷ್ಟೇ ಹಂಚಿಕೊಂಡ ಗುಟ್ಟಿನಿಂದ ಅದಕ್ಕೆ ಮುದ್ರೆಯೂ ಬಿದ್ದಿರುತ್ತದೆ. ಟೋಕನ್ ಆಂಡ್ರಾಯ್ಡ್‌ನ ಮೂಲಕವೇ ಸಾಗಿದರೂ ಆಂಡ್ರಾಯ್ಡ್‌ಗೆ ಅದನ್ನು ಸೃಷ್ಟಿಸಲು ಬಾರದು. ಕೀ ಕಾಯುವ ತಂತ್ರಾಂಶ ಟೋಕನ್ ಪರೀಕ್ಷಿಸಿ, ಸರಿ ಇದ್ದರೆ ಸಹಿ ಹಾಕುತ್ತದೆ. ಸುಮಾರು 70 ಬೈಟ್‌ನ ಆ ಸಹಿ ಹೊರಗೆ ಬರುತ್ತದೆ, ಬ್ಯಾಂಕ್ ತನ್ನಲ್ಲಿರುವ ಸಾರ್ವಜನಿಕ ಕೀಯಿಂದ ಅದನ್ನು ಪರೀಕ್ಷಿಸುತ್ತದೆ. ನಿಮಗೆ ಇದೆಲ್ಲ ಕಣ್ಣು ಮಿಟುಕಿಸುವಷ್ಟು ಹೊತ್ತು.

## ಬರೀ ‘ಹೌದು’ ಸಾಲದು

ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ಆ್ಯಪ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇರಬಹುದು. ಒಂದು ಆ್ಯಪ್ ಬೆರಳು ಹೊಂದಿತೇ ಎಂದು ಆಂಡ್ರಾಯ್ಡ್ ಅನ್ನು ಕೇಳಿ, ‘ಹೌದು’ ಎಂಬ ಉತ್ತರ ಬಂದರೆ ಮುಂದುವರಿಯುತ್ತದೆ. ಇನ್ನೊಂದು ಆ್ಯಪ್ ಮೇಲೆ ಹೇಳಿದಂತೆ ಸಹಿಯನ್ನೇ ಬೆರಳಿಗೆ ಕಟ್ಟಿಹಾಕಿರುತ್ತದೆ.

ರೂಟ್ ಆದ ಫೋನಿನಲ್ಲಿ ಮೊದಲ ಆ್ಯಪ್ ಅನ್ನು ಏಮಾರಿಸುವುದು ಕಷ್ಟವಲ್ಲ. ಓಡುತ್ತಿರುವ ಆ್ಯಪ್‌ನೊಳಗೆ ಕೈಹಾಕುವ ಫ್ರಿಡಾದಂಥ ಉಪಕರಣಗಳಿಂದ ಆ ಉತ್ತರವನ್ನು ‘ಹೌದು’ ಎಂದು ತಿದ್ದಿದರೆ ಮುಗಿಯಿತು, ಬೆರಳೇ ಬೇಡ. ಎರಡನೆಯ ಆ್ಯಪ್‌ನಲ್ಲಿ ಅದೇ ಉತ್ತರವನ್ನು ತಿದ್ದಿದರೆ ಪರದೆ ಮುಂದಕ್ಕೆ ಹೋಗಬಹುದು, ಆದರೆ ಸಹಿ ಹುಟ್ಟುವುದಿಲ್ಲ, ಸಹಿಯಿಲ್ಲದ ವ್ಯವಹಾರವನ್ನು ಬ್ಯಾಂಕ್ ಒಪ್ಪುವುದಿಲ್ಲ. ಒಳ್ಳೆಯ ಚಿಪ್ ಇರುವ ದುಬಾರಿ ಫೋನಿನಲ್ಲೂ ಆ್ಯಪ್ ಮೊದಲ ಥರದ್ದಾಗಿದ್ದರೆ ಚಿಪ್ ಇದ್ದೂ ಇಲ್ಲದಂತೆ. ಬ್ಯಾಂಕ್ ಆ್ಯಪ್‌ಗಳ ಭದ್ರತಾ ತಪಾಸಣೆ ಮಾಡುವವರು ಇದನ್ನು ತಪ್ಪದೆ ಪರೀಕ್ಷಿಸುತ್ತಾರೆ.

ಹೊಸ ಬೆರಳು ಸೇರಿಸಿದಾಗ ಆಗುವುದಕ್ಕೂ ಈಗ ಉತ್ತರ ಸಿಗುತ್ತದೆ. ಕೀಗೆ ಅಂಟಿದ್ದು ಒಂದೊಂದೇ ಬೆರಳಲ್ಲ, ಆ ಫೋನಿನಲ್ಲಿ ನೋಂದಾಯಿಸಿದ ಬೆರಳುಗಳ ಗುಂಪಿನ ಗುರುತು. ಹೊಸದೊಂದು ಸೇರಿದೊಡನೆ ಗುಂಪಿನ ಗುರುತು ಬದಲಾಗುತ್ತದೆ, ಹಳೆಯ ಗುರುತಿಗೆ ಕಟ್ಟಿದ ಕೀ ಶಾಶ್ವತವಾಗಿ ಸತ್ತಂತೆ. ನಿಮ್ಮ ಪರದೆಯ ಪಿನ್ ಕದ್ದು ನೋಡಿದ ಒಬ್ಬ ಫೋನನ್ನೂ ಎಗರಿಸಿ, ಸೆಟ್ಟಿಂಗ್ಸ್‌ಗೆ ಹೋಗಿ ತನ್ನ ಬೆರಳನ್ನು ಸೇರಿಸಿಕೊಳ್ಳಬಹುದು. ಆ ಬೆರಳು ಫೋನನ್ನು ತೆರೆಯುತ್ತದೆ, ಬ್ಯಾಂಕಿನ ಕೀಯನ್ನಲ್ಲ. ಆಂಡ್ರಾಯ್ಡ್‌ನಲ್ಲಿ ಪ್ರತಿ ಬಳಕೆಗೂ ಬೆರಳಚ್ಚು ಕೇಳುವ ಕೀಗಳಿಗೆ ಇದೇ ಮೂಲ ನಡವಳಿಕೆ, ಬೇಡವೆಂದರೆ ಆ್ಯಪ್ ಬರೆದವರು ಇದನ್ನು ಆಫ್ ಮಾಡಬಹುದು. ಐಫೋನ್‌ನಲ್ಲೂ ಇಂಥ ಆಯ್ಕೆಯಿದೆ.

## ಫೋನಿನ ಮಾತನ್ನು ಬ್ಯಾಂಕ್ ಹೇಗೆ ನಂಬುತ್ತದೆ

ಬ್ಯಾಂಕಿನ ಸರ್ವರ್‌ಗೆ ಬಂದದ್ದು ಒಂದು ಸಾರ್ವಜನಿಕ ಕೀ. ಅದರ ಜೋಡಿ ನಿಜಕ್ಕೂ ಚಿಪ್‌ನೊಳಗೆ ಇದೆಯೋ ಅಥವಾ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಇದೆಯೋ? ಸಂಖ್ಯೆ ನೋಡಿ ಹೇಳಲಾಗದು.

ಇದಕ್ಕೆ ಕೀ ಅಟೆಸ್ಟೇಷನ್ ಎಂಬ ಕ್ರಮವಿದೆ, ಆಂಡ್ರಾಯ್ಡ್‌ನಲ್ಲಿ 7ನೇ ಆವೃತ್ತಿಯಿಂದ. ಭದ್ರ ಭಾಗವೇ ಹೊಸ ಕೀಗೆ ಒಂದು ಪ್ರಮಾಣಪತ್ರ ಕೊಡುತ್ತದೆ. ಈ ಕೀ ಸಾಫ್ಟ್‌ವೇರ್‌ನಲ್ಲಿದೆಯೇ, ಟ್ರಸ್ಟ್‌ಜೋನ್‌ನಂಥ ಭಾಗದಲ್ಲಿದೆಯೇ, ಸ್ಟ್ರಾಂಗ್‌ಬಾಕ್ಸ್‌ನಲ್ಲಿದೆಯೇ, ಬಳಸಲು ಬೆರಳಚ್ಚು ಬೇಕೇ, ಫೋನ್ ಆನ್ ಆದಾಗ ಕಾರ್ಯಾಚರಣೆ ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರ್‌ಗೆ ಬೀಗ ಇದೆಯೇ, ಭದ್ರತಾ ಅಪ್‌ಡೇಟ್ ಯಾವ ತಿಂಗಳಿನದು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಪ್ರಮಾಣಪತ್ರಗಳ ಸರಪಳಿ ಗೂಗಲ್‌ನ ಮೂಲ ಪ್ರಮಾಣಪತ್ರದವರೆಗೆ ಸಾಗುತ್ತದೆ, ಬ್ಯಾಂಕ್ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಬಹುದು. ಇಷ್ಟು ವಿವರ ಬೇಡದ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಸೇವೆಯಿಂದ ಸಿದ್ಧ ತೀರ್ಪನ್ನು ಕೇಳುತ್ತವೆ. ಅದರಲ್ಲಿ ಅತ್ಯಂತ ಕಟ್ಟುನಿಟ್ಟಿನ ತೀರ್ಪಿನ ಹೆಸರು `MEETS_STRONG_INTEGRITY`. ಬೂಟ್‌ಲೋಡರ್‌ನ ಬೀಗ ಬಿಚ್ಚಿ ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡ ಫೋನಿನಲ್ಲಿ ಬ್ಯಾಂಕ್ ಆ್ಯಪ್‌ಗಳು ಮುಷ್ಕರ ಹೂಡುವುದು ಇಂಥ ಪರೀಕ್ಷೆಗಳಿಂದ.

ಈ ವ್ಯವಸ್ಥೆಗೂ ಒಂದು ಹಳೆಯ ನೋವಿದೆ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಕೀಯನ್ನು ಮೊದಲು ಕಾರ್ಖಾನೆಯಲ್ಲೇ ತುಂಬುತ್ತಿದ್ದರು. ಒಂದೊಂದು ಫೋನಿಗೆ ಒಂದೊಂದು ಕೊಟ್ಟರೆ ಅದರಿಂದಲೇ ಬಳಕೆದಾರರ ಬೆನ್ನು ಹತ್ತಬಹುದು ಎಂದು, ಕನಿಷ್ಠ ಒಂದು ಲಕ್ಷ ಫೋನುಗಳಿಗೆ ಒಂದೇ ಕೀ ಎಂಬ ನಿಯಮ ಮಾಡಿದರು. ಹಾಗಾಗಿ ಅಂಥ ಕೀ ಒಂದು ಫೋನಿನಿಂದ ಸೋರಿದರೂ, ಯಾವುದೇ ರೂಟ್ ಆದ ಫೋನು ಅದನ್ನು ಬಳಸಿ ತಾನು ಸಾಚಾ ಎಂದು ಹೇಳಿಕೊಳ್ಳಬಹುದು. ಸೋರಿದ್ದೂ ಉಂಟು. ಅಂಥವುಗಳನ್ನು ಗೂಗಲ್ ರದ್ದಾದವುಗಳ ಪಟ್ಟಿಗೆ ಸೇರಿಸುತ್ತದೆ, ಆದರೆ ಆಗ ಅದೇ ಕೀ ಹಂಚಿಕೊಂಡ ನಿರಪರಾಧಿ ಫೋನುಗಳೂ ಪರೀಕ್ಷೆಯಲ್ಲಿ ಸೋಲುತ್ತವೆ. ಇದನ್ನು ತಪ್ಪಿಸಲು ಈಚಿನ ಆಂಡ್ರಾಯ್ಡ್ ಫೋನುಗಳು ಅಲ್ಪಾವಧಿಯ ಪ್ರಮಾಣಪತ್ರಗಳನ್ನು ಗೂಗಲ್‌ನ ಸರ್ವರ್‌ನಿಂದ ಆಗಾಗ ತರಿಸಿಕೊಳ್ಳುತ್ತವೆ.

## ಗೋಡೆ ಬಿರುಕು ಬಿಟ್ಟಾಗ

ಹಾರ್ಡ್‌ವೇರ್ ಎಂದಾಕ್ಷಣ ಅಭೇದ್ಯ ಎಂದಲ್ಲ, ಒಳಗೆ ಓಡುವುದೂ ಮನುಷ್ಯರು ಬರೆದ ತಂತ್ರಾಂಶವೇ. 2022ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್8ರಿಂದ ಎಸ್21ರವರೆಗಿನ ಫೋನುಗಳಲ್ಲಿದ್ದ ದೋಷವನ್ನು ಪ್ರಕಟಿಸಿದರು. ಸುಮಾರು 10 ಕೋಟಿ ಫೋನುಗಳಿಗೆ ಇದು ತಟ್ಟುತ್ತದೆ ಎಂಬುದು ಅವರ ಅಂದಾಜು.

ದೋಷ ಇದ್ದದ್ದು ಕೀಯ ಗಂಟು ಕಟ್ಟುವ ಹಂತದಲ್ಲಿ. ಅಲ್ಲಿ ಬಳಸುವ ಎಇಎಸ್-ಜಿಸಿಎಂ ಎಂಬ ಗೂಢಲಿಪೀಕರಣ ವಿಧಾನಕ್ಕೆ ಪ್ರತಿ ಸಲವೂ ಹೊಸದೊಂದು ಆರಂಭ ಸಂಖ್ಯೆ ಬೇಕು. ಒಂದೇ ಸಂಖ್ಯೆಯನ್ನು ಎರಡು ಗಂಟಿಗೆ ಬಳಸಿದರೆ ಎರಡನ್ನೂ ಮುಚ್ಚುವ ಬಿಟ್‌ಗಳ ಸಾಲು ಒಂದೇ ಆಗಿಬಿಡುತ್ತದೆ. ಸ್ಯಾಮ್‌ಸಂಗ್‌ನ ತಂತ್ರಾಂಶ ಈ ಸಂಖ್ಯೆಯನ್ನು ಹೊರಗಿನವರು ಸೂಚಿಸಲು ಬಿಟ್ಟಿತ್ತು. ದಾಳಿಕೋರ ತನಗೆ ಗೊತ್ತಿರುವ ಕೀಯೊಂದನ್ನು ಅದೇ ಸಂಖ್ಯೆಯಿಂದ ಗಂಟು ಕಟ್ಟಿಸಿ, ಆ ಬಿಟ್‌ಗಳ ಸಾಲನ್ನು ಪಡೆದು, ಪಕ್ಕದ ಗಂಟಿನ ಕೀಯನ್ನು ಓದಿಬಿಡಬಹುದಿತ್ತು. ಚಿಪ್‌ನ ಮೂಲ ಗುಟ್ಟನ್ನು ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ. ಇದಕ್ಕೆ ಮೊದಲು ಆಂಡ್ರಾಯ್ಡ್‌ನಲ್ಲಿ ಮೇಲ್ದರ್ಜೆಯ ಅಧಿಕಾರ ಕೈಗೆ ಬಂದಿರಬೇಕು ಎಂಬುದೇನೋ ನಿಜ. ಆದರೆ ಚಿಪ್ ಇರುವುದೇ ಅಂಥ ಹೊತ್ತಿಗಾಗಿ.

ಸಂಶೋಧಕರು ಮೊದಲೇ ತಿಳಿಸಿದ್ದರಿಂದ ಸ್ಯಾಮ್‌ಸಂಗ್ 2021ರಲ್ಲೇ ತಿದ್ದುಪಡಿ ಕಳಿಸಿತ್ತು. ಅಂದರೆ ಪ್ರಬಂಧ ಹೊರಬಂದಾಗ ಅಪ್‌ಡೇಟ್ ಹಾಕಿಕೊಂಡವರು ಪಾರು, ಹಾಕಿಕೊಳ್ಳದವರು ಬಯಲಲ್ಲಿ. ನಿಮ್ಮ ಫೋನಿನ ಸ್ಥಿತಿ ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಅಪ್‌ಡೇಟ್‌ನ ದಿನಾಂಕ ನೋಡಿದರೆ ತಿಳಿಯುತ್ತದೆ. ಅದು ವರ್ಷಗಳಷ್ಟು ಹಳೆಯದಾಗಿದ್ದು, ಕಂಪನಿ ಹೊಸದು ಕಳಿಸುವುದನ್ನೇ ನಿಲ್ಲಿಸಿದ್ದರೆ, ಪಾವತಿಗೆ ಆ ಫೋನ್ ಬಳಸದಿರುವುದು ಲೇಸು.

## ಚಿಪ್‌ಗೆ ಕಾಣದ್ದು

ಚಿಪ್ ಕೀಯನ್ನು ಕಾಯುತ್ತದೆ, ಪರದೆಯನ್ನಲ್ಲ. ಸಹಿಗೆ ಬಂದ ಬೈಟ್‌ಗಳು ದಿನಸಿ ಅಂಗಡಿಗೋ ವಂಚಕನಿಗೋ ಅದಕ್ಕೆ ಗೊತ್ತಾಗದು. ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುವ, ಒತ್ತಿದರೆ ಆ್ಯಪ್ ಆಗಿ ಕೂರುವ ಎಪಿಕೆ ಫೈಲುಗಳು ಕೀ ಕದಿಯುವ ಗೋಜಿಗೇ ಹೋಗುವುದಿಲ್ಲ. ಎಸ್‌ಎಂಎಸ್ ಓದುವ, ಪರದೆಯನ್ನು ನೋಡಿ ಒತ್ತುವ ಅನುಮತಿಗಳನ್ನು ಕೇಳಿ ಪಡೆಯುತ್ತವೆ. ಫೋನಿನಲ್ಲಿ ಹೆದರಿಸಿ ಹಣ ಕಳಿಸಿಕೊಳ್ಳುವ ‘ಡಿಜಿಟಲ್ ಅರೆಸ್ಟ್’ ವಂಚನೆಯಲ್ಲಂತೂ ಬೆರಳೂ ನಿಜ, ಸಹಿಯೂ ನಿಜ.

ಇನ್ನೊಂದು ಬಾಗಿಲು ಮರುನೋಂದಣಿಯದು. ಚಿಪ್‌ನ ಕೀಗೆ ಬ್ಯಾಕಪ್ ಇಲ್ಲ, ಹೊಸ ಫೋನಿಗೆ ಅದು ಬರುವುದಿಲ್ಲ. ಹೊಸ ಫೋನ್ ಕೊಂಡವರೆಲ್ಲ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಮತ್ತೆ ನೋಂದಾಯಿಸಬೇಕು, ಪಿನ್ ಮರೆತಿದ್ದರೆ ಡೆಬಿಟ್ ಕಾರ್ಡಿನ ವಿವರ ಅಥವಾ ಆಧಾರ್ ಒಟಿಪಿ ಕೊಟ್ಟು ಹೊಸದು ಮಾಡಿಕೊಳ್ಳಬೇಕು. ನಿಮ್ಮ ಸಂಖ್ಯೆಯ ನಕಲಿ ಸಿಮ್ ಪಡೆದ ವಂಚಕ ಇದೇ ದಾರಿ ಹಿಡಿಯುತ್ತಾನೆ. ನಿಮ್ಮ ಚಿಪ್ ಅನ್ನು ಮುಟ್ಟದೆ ತನ್ನ ಫೋನಿನ ಚಿಪ್‌ನಲ್ಲಿ ಹೊಸ ಕೀ ಹುಟ್ಟಿಸಿ, ನಿಮ್ಮ ಹೆಸರಲ್ಲಿ ದಾಖಲಿಸಲು ನೋಡುತ್ತಾನೆ. ಹೊಸ ಫೋನಿನಲ್ಲಿ ನೋಂದಾಯಿಸಿದ ಮೊದಲ 24 ಗಂಟೆ ಯುಪಿಐ ಮೊತ್ತಕ್ಕೆ ಸಣ್ಣ ಮಿತಿ ಹಾಕುವುದು ಈ ಅಪಾಯವನ್ನು ನೋಡಿಕೊಂಡೇ. ಫೋನಿನಲ್ಲಿ ಸಿಗ್ನಲ್ ಕಾರಣವಿಲ್ಲದೆ ಹೋಗಿ ಗಂಟೆಗಟ್ಟಲೆ ಬಾರದಿದ್ದರೆ ಬೇರೊಂದು ಫೋನಿನಿಂದ ಮೊಬೈಲ್ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ.

ಹಳೆಯ ಫೋನ್ ಮಾರುವಾಗ ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದರಲ್ಲಿದ್ದ ಕೀಗಳು ಹೋಗುತ್ತವೆ. ಆದರೆ ಬ್ಯಾಂಕಿನ ಕಡೆ ಆ ಸಾಧನದ ನೋಂದಣಿ ಹಾಗೆಯೇ ಉಳಿದಿರಬಹುದು. ರೀಸೆಟ್‌ಗೆ ಮುಂಚೆ ಪ್ರತಿ ಪಾವತಿ ಆ್ಯಪ್‌ನೊಳಗೆ ಹೋಗಿ ಖಾತೆ ತೆಗೆದುಹಾಕುವ, ಅಥವಾ ಸಾಧನದ ನೋಂದಣಿ ರದ್ದು ಮಾಡುವ ಆಯ್ಕೆಯನ್ನು ಬಳಸಿದರೆ ಅದೂ ಮುಗಿಯುತ್ತದೆ.